‘ಮಾಡಲಾಗುವುದು’ ಎಂದರೆ, ಮಾಡುವವರು ಯಾರು?

“ಸಭೆಯಲ್ಲಿ ಎಲ್ಲರೂ ಇದ್ದೆವು, ಏನು ತೀರ್ಮಾನವಾಯಿತು ಎಂಬುದು ಎಲ್ಲರಿಗೂ ಗೊತ್ತು. ಅದನ್ನೇ ಮತ್ತೆ ಬರೆದು ಕಳಿಸುವುದು ಯಾಕೆ? ಕಳಿಸಲೇಬೇಕು ಎನ್ನುವುದಾದರೆ ಹೇಗೆ ಬರೆಯಬೇಕು?”

ಈ ಪ್ರಶ್ನೆಗೆ ನನ್ನದೇ ಅನುಭವದಿಂದ ಉತ್ತರಿಸುತ್ತೇನೆ. ಹೊಸದಾಗಿ ಕೆಲಸಕ್ಕೆ ಸೇರುವವರಿಗಾಗಿ ಒಂದು ಕೈಪಿಡಿ ಮಾಡುವ ಕೆಲಸದಲ್ಲಿ ನಾನಿದ್ದೆ. ಮೇ 27ರಂದು ಐವರು ಸೇರಿ ಸುಮಾರು ಒಂದು ಗಂಟೆ ಮಾತನಾಡಿದೆವು. ಎದ್ದು ಹೋಗುವಾಗ ಎಲ್ಲರ ಮುಖದಲ್ಲೂ ಕೆಲಸ ಮುಗಿದ ಸಮಾಧಾನವಿತ್ತು. ಅಂದು ಸಂಜೆ ನಾನು ಕಳಿಸಿದ ಸಂದೇಶ ಇಷ್ಟೇ: “ಕರಡನ್ನು ಪರಿಶೀಲಿಸಿ ಮುದ್ರಣಕ್ಕೆ ಕಳಿಸಲಾಗುವುದು. ಹಳೆಯ ಚಿತ್ರಗಳನ್ನು ಬದಲಿಸಬೇಕು. ಮುಂದಿನ ವಾರ ಮತ್ತೆ ಸೇರೋಣ.”

ಮುಂದಿನ ವಾರ ಯಾರೂ ಸೇರಲಿಲ್ಲ. ಎರಡು ವಾರ ಕಳೆದ ಮೇಲೆ ವಿಚಾರಿಸಿದಾಗ ಕರಡು ಇದ್ದಲ್ಲೇ ಇತ್ತು. ಸುಮಾ ಅದನ್ನು ರಮೇಶ್ ನೋಡುತ್ತಿದ್ದಾರೆ ಎಂದುಕೊಂಡಿದ್ದರು. ರಮೇಶ್ ಸುಮಾ ಅವರ ತಿದ್ದುಪಡಿಗೆ ಕಾಯುತ್ತಿದ್ದರು. (ಹೆಸರುಗಳನ್ನು ಬದಲಿಸಿದ್ದೇನೆ.) ಒಬ್ಬರ ನೆನಪಿನಲ್ಲಿ 300 ಪ್ರತಿ, ಇನ್ನೊಬ್ಬರ ನೆನಪಿನಲ್ಲಿ 500. ಯಾರೂ ಸೋಮಾರಿಗಳಲ್ಲ, ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಒಂದೇ ಕೋಣೆಯಲ್ಲಿ ಕುಳಿತು ಒಂದೇ ಮಾತು ಕೇಳಿದವರು ಬೇರೆ ಬೇರೆ ತೀರ್ಮಾನಗಳನ್ನು ಹೊತ್ತುಕೊಂಡು ಹೋಗಿದ್ದರು. ಅದು ಹೊರಬೀಳುವ ಅವಕಾಶವಿದ್ದದ್ದು ನನ್ನ ಸಂದೇಶದಲ್ಲಿ ಮಾತ್ರ, ಆ ಸಂದೇಶವೇ ಅದನ್ನು ಮುಚ್ಚಿಹಾಕಿತು.

ಆ ಮೂರು ಸಾಲುಗಳನ್ನು ಇನ್ನೊಮ್ಮೆ ಓದಿ. ‘ಕಳಿಸಲಾಗುವುದು’, ‘ಬದಲಿಸಬೇಕು’, ‘ಸೇರೋಣ’. ಒಂದರಲ್ಲೂ ಕರ್ತೃವಿಲ್ಲ. ನಮ್ಮ ಭಾಷೆಯಲ್ಲಿ ಮಾಡುವವರನ್ನು ಹೇಳದೆಯೇ ವಾಕ್ಯ ಮುಗಿಸಬಹುದು, ಮುಗಿಸಿದರೆ ಓದುವವರಿಗೆ ಕೊರತೆಯೂ ಕಾಣುವುದಿಲ್ಲ. ಕಚೇರಿಯ ಬರವಣಿಗೆಯಲ್ಲಂತೂ ‘ಲಾಗುವುದು’ ಎಂದು ಮುಗಿಸುವುದೇ ಗೌರವದ ಶೈಲಿ ಎಂಬ ಭಾವನೆ ಬೇರೂರಿದೆ. ಸುತ್ತೋಲೆಗೆ ಅದು ಸರಿ ಇರಬಹುದು. ಸಭೆಯ ನಂತರದ ಸಂದೇಶಕ್ಕೆ ಅದು ವಿಷ. ನಾನು ಈಗ ಬರೆದು ಮುಗಿಸಿದ ಮೇಲೆ ಮಾಡುವ ಮೊದಲ ಕೆಲಸವೆಂದರೆ ‘ಲಾಗುವುದು’ ಮತ್ತು ‘ಬೇಕು’ ಎಂದು ಮುಗಿಯುವ ಸಾಲುಗಳನ್ನು ಹುಡುಕಿ, ಪ್ರತಿಯೊಂದಕ್ಕೂ ಯಾರು ಎಂದು ಕೇಳುವುದು. ಉತ್ತರ ನನಗೆ ತಿಳಿಯದಿದ್ದರೆ ಸಭೆಯಲ್ಲಿ ಆ ತೀರ್ಮಾನ ಆಗಿಯೇ ಇಲ್ಲ ಎಂದರ್ಥ. ಅದನ್ನು ನಾನಾಗಿ ಊಹಿಸಿ ತುಂಬುವುದಿಲ್ಲ, ಫೋನ್ ಮಾಡಿ ಕೇಳುತ್ತೇನೆ.

ಜೂನ್ 10ರಂದು ಮತ್ತೆ ಸೇರಿದೆವು. ಸಭೆ ಮುಗಿದ ಅರ್ಧ ಗಂಟೆಯೊಳಗೆ ಕಳಿಸಿದ ಸಂದೇಶ ಇದು:

“ಇಂದಿನ ಸಭೆಯ ತೀರ್ಮಾನಗಳು:
ಕೈಪಿಡಿಯ 300 ಪ್ರತಿ ಮುದ್ರಿಸುತ್ತೇವೆ. 500 ಎಂಬ ಸಲಹೆಯನ್ನು ಕೈಬಿಟ್ಟಿದ್ದೇವೆ.
ಸುಮಾ ಕರಡನ್ನು ತಿದ್ದಿ, ಜೂನ್ 13, ಶುಕ್ರವಾರ ಸಂಜೆ 5ರೊಳಗೆ ರಮೇಶ್ ಅವರಿಗೆ ಕಳಿಸುತ್ತಾರೆ.
ಶೈಲಜಾ ಹಳೆಯ ನಾಲ್ಕು ಚಿತ್ರಗಳ ಬದಲಿಗೆ ಹೊಸವನ್ನು ಜೂನ್ 13, ಶುಕ್ರವಾರ ಸಂಜೆ 5ರೊಳಗೆ ರಮೇಶ್ ಅವರಿಗೆ ಕೊಡುತ್ತಾರೆ.
ರಮೇಶ್ ಎರಡನ್ನೂ ಸೇರಿಸಿ, ಅಂತಿಮ ಪ್ರತಿಯನ್ನು ಜೂನ್ 16, ಸೋಮವಾರ ಸಂಜೆ 5ರೊಳಗೆ ಎಲ್ಲರಿಗೂ ಕಳಿಸುತ್ತಾರೆ.
ತೀರ್ಮಾನವಾಗದೆ ಉಳಿದದ್ದು: ಮುಖಪುಟದ ವಿನ್ಯಾಸ.
ಮುಂದಿನ ಸಭೆ: ಜೂನ್ 17, ಮಂಗಳವಾರ ಬೆಳಿಗ್ಗೆ 11ಕ್ಕೆ. ಅಂತಿಮ ಪ್ರತಿಗೆ ಒಪ್ಪಿಗೆ ಕೊಡುವುದು ಮತ್ತು ಮುಖಪುಟವನ್ನು ಆರಿಸುವುದು, ಇವೆರಡೇ ವಿಷಯ.
ಇದರಲ್ಲಿ ತಪ್ಪಿದ್ದರೆ ನಾಳೆ, ಬುಧವಾರ ಮಧ್ಯಾಹ್ನ 12ರೊಳಗೆ ಎಲ್ಲರಿಗೂ ಕಾಣುವಂತೆ ಉತ್ತರಿಸಿ.”

ಕೆಲಸ ಹೇಳುವ ಪ್ರತಿ ಸಾಲಿನಲ್ಲೂ ಮಾಡುವವರ ಹೆಸರು ಒಂದೇ. ‘ಸುಮಾ ಮತ್ತು ರಮೇಶ್’ ಎಂದು ಬರೆದಿದ್ದರೆ ಮೇ ತಿಂಗಳ ಕಥೆಯೇ ಮರುಕಳಿಸುತ್ತಿತ್ತು, ಇಬ್ಬರೂ ಮತ್ತೊಬ್ಬರಿಗಾಗಿ ಕಾಯುತ್ತಿದ್ದರು. ಇಬ್ಬರು ಸೇರಿ ಮಾಡುವ ಕೆಲಸವಾದರೂ ಹೊಣೆ ಒಬ್ಬರದೇ, ಇನ್ನೊಬ್ಬರು ನೆರವಾಗುತ್ತಾರೆ ಎಂದು ಬರೆಯಿರಿ. ‘ತಂಡ ನೋಡಿಕೊಳ್ಳುತ್ತದೆ’ ಎನ್ನುವ ಸಾಲು ಬಂದರೆ ಅಳಿಸಿಬಿಡಿ. ಕ್ರಿಯಾಪದಗಳನ್ನೂ ಗಮನಿಸಿ: ‘ಕಳಿಸುತ್ತಾರೆ’, ‘ಕೊಡುತ್ತಾರೆ’. ಒಂದು ವಸ್ತು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ, ಹೋಯಿತೋ ಇಲ್ಲವೋ ಎಂದು ಯಾರು ಬೇಕಾದರೂ ಹೇಳಬಹುದು. ‘ಗಮನ ಹರಿಸುತ್ತಾರೆ’, ‘ಪರಿಶೀಲಿಸುತ್ತಾರೆ’ ಎಂದರೆ ಕೆಲಸ ಯಾವಾಗ ಮುಗಿಯಿತು ಎಂಬುದು ಮಾಡುವವರಿಗೂ ತಿಳಿಯುವುದಿಲ್ಲ.

ಶೈಲಜಾ ಅಂದಿನ ಸಭೆಗೆ ಬಂದಿರಲಿಲ್ಲ. ಬಾರದವರ ತಲೆಗೆ ಕೆಲಸ ಕಟ್ಟುವುದು ಸಭೆಗಳಲ್ಲಿ ಬಹಳ ಸುಲಭ, ಏಕೆಂದರೆ ಬೇಡ ಎನ್ನಲು ಅವರು ಅಲ್ಲಿರುವುದಿಲ್ಲ. ಸಂದೇಶ ಕಳಿಸುವ ಮೊದಲು ಅವರಿಗೆ ಫೋನ್ ಮಾಡಿದೆ. ಗುರುವಾರ ಕೊಡಲಾಗದು, ಶುಕ್ರವಾರ ಸಂಜೆಯಾಗುತ್ತದೆ ಎಂದರು. ದಿನಾಂಕ ಹಾಗೆ ಬಂದದ್ದು. ಸಭೆಯಲ್ಲಿ ನಾವು ಆಡಿದ್ದು ಗುರುವಾರ ಎಂದೇ, ಆದ್ದರಿಂದ ಬದಲಾವಣೆಯನ್ನು ರಮೇಶ್ ಅವರಿಗೂ ತಿಳಿಸಿದ ಮೇಲೆಯೇ ಕಳಿಸಿದೆ. ಸಂದೇಶದ ಕೊನೆಯ ಸಾಲಿನ ಮಿತಿ ಇಲ್ಲೇ ಇದೆ. ಬುಧವಾರ ಮಧ್ಯಾಹ್ನದವರೆಗೆ ಯಾರೂ ಏನೂ ಹೇಳದಿದ್ದರೆ, ಸಭೆಯಲ್ಲಿದ್ದವರು ಒಪ್ಪಿದ್ದಾರೆ ಎಂದು ತಿಳಿಯಬಹುದು. ಸಭೆಯಲ್ಲಿ ಇಲ್ಲದವರ ಮೌನವನ್ನು ಒಪ್ಪಿಗೆ ಎನ್ನಲಾಗದು, ಅವರು ಸಂದೇಶವನ್ನು ತೆರೆದೇ ಇರಲಿಕ್ಕಿಲ್ಲ.

ಮುಂದಿನ ಸಭೆಯ ದಿನಾಂಕವನ್ನು ನಾನು ಮೊದಲು ಕೊನೆಯ ಔಪಚಾರಿಕತೆ ಎಂದುಕೊಂಡಿದ್ದೆ. ಹಾಗಲ್ಲ. ಕೊನೆಯ ಕೆಲಸ ಸೋಮವಾರ ಸಂಜೆ ಮುಗಿಯಬೇಕು ಎಂಬುದರಿಂದಲೇ ಸಭೆ ಮಂಗಳವಾರಕ್ಕೆ ಬಂತು. ಅಭ್ಯಾಸಬಲದಿಂದ ಸೋಮವಾರ ಬೆಳಿಗ್ಗೆ ಇಟ್ಟಿದ್ದರೆ, ಕೈಯಲ್ಲಿ ಪ್ರತಿಯೇ ಇಲ್ಲದೆ ಕುಳಿತು ‘ಆಗುತ್ತಿದೆ’ ಎಂಬ ವರದಿ ಕೇಳಿ ಏಳುತ್ತಿದ್ದೆವು. ‘ಬರುವ ಮಂಗಳವಾರ’ ಎಂದೂ ಬರೆಯಬೇಡಿ. ಸೋಮವಾರ ಬರೆದವರಿಗೆ ಆ ಮಾತು ಮರುದಿನವನ್ನು ಸೂಚಿಸಬಹುದು, ಅದೇ ಸಂದೇಶವನ್ನು ಬುಧವಾರ ಓದುವವರಿಗೆ ಮುಂದಿನ ವಾರದ ಮಂಗಳವಾರವನ್ನು. ದಿನಾಂಕ ಮತ್ತು ವಾರ ಎರಡನ್ನೂ ಬರೆದರೆ ಇನ್ನೊಂದು ಲಾಭವಿದೆ: ಒಂದನ್ನು ತಪ್ಪಾಗಿ ಬರೆದಿದ್ದರೆ ಎರಡೂ ಹೊಂದುವುದಿಲ್ಲ, ಯಾರಾದರೂ ಅಂದೇ ಹೇಳುತ್ತಾರೆ.

ಬರೆಯುವವರ ಕೈಯಲ್ಲಿ ಸಣ್ಣದೊಂದು ಅಧಿಕಾರವಿದೆ, ಅದಕ್ಕೆ ಹೆದರಬೇಕು. ಮುಖಪುಟಕ್ಕೆ ನನ್ನ ಮನಸ್ಸಿನಲ್ಲಿ ಒಂದು ವಿನ್ಯಾಸವಿತ್ತು, ಇಬ್ಬರು ತಲೆಯಾಡಿಸಿಯೂ ಇದ್ದರು. ಅದನ್ನು ತೀರ್ಮಾನ ಎಂದು ಬರೆದುಬಿಟ್ಟಿದ್ದರೆ ಬಹುಶಃ ಯಾರೂ ತಕರಾರು ಮಾಡುತ್ತಿರಲಿಲ್ಲ. ‘ತೀರ್ಮಾನವಾಗದೆ ಉಳಿದದ್ದು’ ಎಂಬ ಸಾಲನ್ನು ಇಟ್ಟುಕೊಂಡಿರುವುದು ಆ ಆಸೆಗೆ ಬೇಲಿ ಹಾಕಲಿಕ್ಕೆ.

ಬುಧವಾರ ಬೆಳಿಗ್ಗೆ ಸುಮಾ ಉತ್ತರಿಸಿದರು: ಬದಲಾಗಬೇಕಾದ ಚಿತ್ರಗಳು ನಾಲ್ಕಲ್ಲ, ಐದು. ನಾನು ಹಳೆಯ ಸಂದೇಶವನ್ನು ತಿದ್ದಲಿಲ್ಲ. ಹಾಗೆ ತಿದ್ದಿದರೆ ಮೊದಲೇ ಓದಿದವರ ಬಳಿ ಒಂದು ಲೆಕ್ಕ, ನಂತರ ಓದಿದವರ ಬಳಿ ಇನ್ನೊಂದು ಲೆಕ್ಕ ಉಳಿಯುತ್ತದೆ. ಅದರ ಕೆಳಗೇ ಹೊಸ ಸಾಲು ಬರೆದೆ: “ತಿದ್ದುಪಡಿ: ನಾಲ್ಕು ಚಿತ್ರಗಳು ಎಂದಿದ್ದುದನ್ನು ಐದು ಎಂದು ಓದಿಕೊಳ್ಳಿ. ಶೈಲಜಾ ಒಪ್ಪಿದ್ದಾರೆ, ದಿನಾಂಕದಲ್ಲಿ ಬದಲಾವಣೆ ಇಲ್ಲ.”

ಜೂನ್ 17ರಂದು 11 ಗಂಟೆಗೆ ಐವರೂ ಬಂದರು. ಆ ಸಂದೇಶವನ್ನೇ ತೆರೆದು ಸಾಲು ಸಾಲಾಗಿ ಓದಿದೆವು. ಅಂತಿಮ ಪ್ರತಿ ಎಲ್ಲರ ಮುಂದಿತ್ತು. ಉಳಿದದ್ದು ಮುಖಪುಟ ಮಾತ್ರ, ಅದಕ್ಕೆ ಆಯ್ಕೆಯಾದದ್ದು ನನ್ನ ಮನಸ್ಸಿನಲ್ಲಿದ್ದ ವಿನ್ಯಾಸವಲ್ಲ.