ಆರತಕ್ಷತೆಯ ಸಂಜೆಗೆ ಒಂದು ಟೈ

ಮೈಸೂರಿನಲ್ಲಿ ನಡೆದ ನನ್ನ ಅಕ್ಕನ ಮಗನ ಆರತಕ್ಷತೆಗೆ ಸೂಟು ಹೊಲಿಸಿಯಾಗಿತ್ತು, ಅಂಗಿಯೂ ಮನೆಗೆ ಬಂದಿತ್ತು. ಟೈ ಯಾವುದೆಂಬುದು ಮಾತ್ರ ಆ ದಿನದ ಬೆಳಗಿನವರೆಗೂ ತೀರ್ಮಾನವಾಗಿರಲಿಲ್ಲ. ವರ್ಷಗಟ್ಟಲೆ ಟೈ ಕಟ್ಟಿಕೊಂಡು ಕೆಲಸಕ್ಕೆ ಹೋದವನೆಂದು ಅಕ್ಕ ಆ ಹೊಣೆಯನ್ನು ನನಗೆ ಒಪ್ಪಿಸಿದಳು.

ಸೂಟು ಗೆರೆಯಿಲ್ಲದ ಗಾಢ ನೀಲಿ ಬಣ್ಣದ್ದು. ಅಂಗಿ ಬಿಳಿಯದು, ಅದರ ಮೇಲೆ ಒತ್ತೊತ್ತಾಗಿ ತಿಳಿನೀಲಿಯ ಸಣ್ಣ ಉದ್ದಗೆರೆಗಳು. ಅಂಗಿ ಅಚ್ಚಬಿಳಿಯಾಗಿದ್ದರೆ ಯಾವ ಟೈ ಆದರೂ ಬಹುಮಟ್ಟಿಗೆ ನಡೆಯುತ್ತಿತ್ತು. ಗೆರೆ ಬಂದೊಡನೆ ಆಯ್ಕೆ ಕಿರಿದಾಗುತ್ತದೆ. ಹಾಸಿಗೆಯ ಮೇಲೆ ಮೂರು ಟೈಗಳಿದ್ದವು: ಅಂಗಡಿಯವರು ಸೂಟಿನೊಂದಿಗೆ ಕೊಟ್ಟಿದ್ದ, 2 ಇಂಚು ಅಗಲದ, ಹೊಳೆಯುವ ಕೆಂಪು ಸ್ಯಾಟಿನ್ ಟೈ, ಸಣ್ಣ ಓರೆಗೆರೆಗಳ ನೀಲಿ ಟೈ, ಅಲ್ಲಲ್ಲಿ ಬಿಳಿ ಚುಕ್ಕೆಗಳಿದ್ದ, ಹೊಳಪು ಕಡಿಮೆಯಿದ್ದ ಕಡುಗೆಂಪು ರೇಷ್ಮೆ ಟೈ.

ವಧುವಿನದು ಕೆಂಪು ರೇಷ್ಮೆ ಸೀರೆಯಾದ್ದರಿಂದ ಅಕ್ಕನ ಮನಸ್ಸು ಸ್ಯಾಟಿನ್ ಟೈ ಕಡೆಗಿತ್ತು. ಸೀರೆಯ ಬಣ್ಣವನ್ನೇ ಟೈನಲ್ಲಿ ತರುವುದು ಈಗ ನಮ್ಮ ಮದುವೆಗಳಲ್ಲಿ ರೂಢಿಯಾಗಿದೆ. ಆದರೆ ಬಟ್ಟೆ ಬೇರೆಯಾದಾಗ ಬಣ್ಣ ಪೂರ್ತಿ ಹೊಂದುವುದು ಅಪರೂಪ, ಮತ್ತು ಹೊಂದಲು ಹೋಗಿ ಸ್ವಲ್ಪ ತಪ್ಪಿದ ಕೆಂಪು ಎದ್ದು ಕಾಣುತ್ತದೆ. ಅದೇ ಬಣ್ಣದ ಎರಡು ಮೆಟ್ಟಿಲು ಗಾಢವಾದ ಛಾಯೆಯನ್ನು ತೆಗೆದುಕೊಂಡರೆ ಸೀರೆಗೂ ನಂಟು ಉಳಿಯುತ್ತದೆ, ಅಂಗಿಗಿಂತ ಟೈ ಗಾಢವಾಗಿರಬೇಕೆಂಬ ನಿಯಮವೂ ನೆರವೇರುತ್ತದೆ. ಅಗಲದ ವಿಷಯದಲ್ಲಂತೂ ಆ ಕೆಂಪು ಟೈ ಸೂಟಿಗೆ ಸೇರುತ್ತಲೇ ಇರಲಿಲ್ಲ. ಕೋಟಿನ ಎದೆಯ ಮೇಲೆ ಮಡಚಿಕೊಂಡಿರುವ ಲ್ಯಾಪೆಲ್ಲನ್ನು ಅದರ ಅತಿ ಅಗಲವಾದ ಜಾಗದಲ್ಲಿ ಅಳೆದಾಗ 3.25 ಇಂಚು ಬಂತು. ಟೈನ ಅತಿ ಅಗಲದ ಭಾಗವೂ ಹೆಚ್ಚುಕಡಿಮೆ ಅಷ್ಟೇ ಇರಬೇಕು. ಕಾಲು ಇಂಚಿನ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ, ಆದರೆ ಅಗಲ ಲ್ಯಾಪೆಲ್ಲಿನ ನಡುವೆ 2 ಇಂಚಿನ ಪಟ್ಟಿ ತೂಗಿದರೆ ಎದೆ ಬರಿದಾಗಿ ಕಾಣುತ್ತದೆ.

ನೀಲಿ ಟೈ ಅಗಲದಲ್ಲಿ ಸರಿಯಿತ್ತು, ಬಣ್ಣದಲ್ಲೂ ಸೂಟಿಗೆ ಒಪ್ಪುತ್ತಿತ್ತು. ಅದನ್ನು ಬಿಡಿಸಿದ್ದು ಗೆರೆಯ ಗಾತ್ರ. ಅಂಗಿಯ ಗೆರೆಗಳೂ ಟೈನ ಗೆರೆಗಳೂ ಒಂದೇ ಅಗಲದವಾದರೆ ನೋಡುವವರ ಕಣ್ಣು ಎಲ್ಲೂ ನಿಲ್ಲದೆ ಅಲುಗಾಡುತ್ತದೆ. ಮೊಬೈಲಿನಲ್ಲಿ ಒಂದು ಚಿತ್ರ ತೆಗೆದು ಅಳಿಯನಿಗೆ ತೋರಿಸಿದೆ. ಇಂಥ ಒತ್ತುಗೆರೆಗಳು ಕ್ಯಾಮೆರಾದಲ್ಲಿ ಕೆಲವೊಮ್ಮೆ ಅಲೆಯಲೆಯಾಗಿಯೂ ಮೂಡುತ್ತವೆ, ಮತ್ತು ಆರತಕ್ಷತೆಯೆಂದರೆ ಇಡೀ ಸಂಜೆ ಕ್ಯಾಮೆರಾದ ಎದುರು ನಿಲ್ಲುವುದೇ ತಾನೆ. ಗೆರೆಯ ಮೇಲೆ ಗೆರೆಯನ್ನೇ ಧರಿಸಬೇಕೆಂದಿದ್ದರೆ ಟೈನ ಗೆರೆಗಳು ಅಂಗಿಯದಕ್ಕಿಂತ ಸ್ಪಷ್ಟವಾಗಿ ಅಗಲವಾಗಿರಬೇಕು. ಕಡುಗೆಂಪಿನ ಟೈನಲ್ಲಿ ವಿನ್ಯಾಸದ ಜಾತಿಯೇ ಬೇರೆ, ಚುಕ್ಕೆಗಳ ನಡುವಿನ ಅಂತರವೂ ಅಂಗಿಯ ಗೆರೆಗಳ ನಡುವಿನ ಅಂತರಕ್ಕಿಂತ ಬಹಳ ಹೆಚ್ಚು. ಚುಕ್ಕೆಯ ಬಿಳಿ ಅಂಗಿಯ ಬಿಳಿಯೊಡನೆ ಮಾತಾಡುತ್ತಿತ್ತು. ಸಭಾಂಗಣದ ಹಳದಿ ದೀಪದಲ್ಲಿ ಕಡುಗೆಂಪು ಕಂದಾಗಿ ಕಾಣುವ ಭಯವಿತ್ತಾದ್ದರಿಂದ ಅದೇ ಬಗೆಯ ಬಲ್ಬಿನ ಕೆಳಗೂ ಹಿಡಿದು ನೋಡಿದೆವು. ಕೆಂಪು ಉಳಿದಿತ್ತು.

“ಮಾವ, ಗಂಟು ದೊಡ್ಡದಿದ್ದರೆ ಗ್ರ್ಯಾಂಡ್ ಆಗಿರುತ್ತಲ್ವಾ?” ಎಂದು ಅಳಿಯ ಕೇಳಿದ. ಅವನ ಮನಸ್ಸಿನಲ್ಲಿ ಪೂರ್ಣ ವಿಂಡ್ಸರ್ ಗಂಟು ಇತ್ತು. ಅದಕ್ಕೆ ಸುತ್ತುಗಳು ಹೆಚ್ಚು, ಹಾಗಾಗಿ ಟೈನ ಉದ್ದವನ್ನೂ ಹೆಚ್ಚು ನುಂಗುತ್ತದೆ. ಅವನು ಆರಡಿ ಎತ್ತರದವನು. ಟೈ ಸುಮಾರು 58 ಇಂಚಿನ ಸಾಮಾನ್ಯ ಉದ್ದದ್ದು. ಕಟ್ಟಿ ನೋಡಿದಾಗ ತುದಿ ಬೆಲ್ಟಿನ ಬಕಲ್ ಮುಟ್ಟದೆ ಹೊಟ್ಟೆಯ ಮೇಲೆಯೇ ನಿಂತಿತು, ಒಳಗೆ ದಪ್ಪ ಅಸ್ತರಿದ್ದ ಆ ರೇಷ್ಮೆಯ ಗಂಟು ಕಾಲರಿನ ಎರಡೂ ರೆಕ್ಕೆಗಳನ್ನು ಮೇಲಕ್ಕೆತ್ತಿತು. ಕಾಲರಿನ ತುದಿಗಳು ಅಂಗಿಯ ಮೇಲೆ ಕೂರದೆ ಎದ್ದರೆ ಗಂಟು ದೊಡ್ಡದಾಯಿತೆಂದೇ ಅರ್ಥ. ಹಾಗೆಂದು ಎಲ್ಲರೂ ಶಾಲೆಯಲ್ಲಿ ಕಲಿಯುವ ಸಣ್ಣ ಓರೆಗಂಟನ್ನು ಹಾಕಿದರೆ, ಅವನ ಕಾಲರ್ ಅಗಲವಾಗಿ ತೆರೆದುಕೊಳ್ಳುವ ಸ್ಪ್ರೆಡ್ ಕಾಲರ್ ಆದ್ದರಿಂದ ಗಂಟಿನ ಎರಡೂ ಪಕ್ಕ ಟೈನ ಪಟ್ಟಿ ಇಣುಕುತ್ತಿತ್ತು. ತುದಿಗಳು ಹತ್ತಿರವಿರುವ ಕಾಲರಿಗೆ ಆ ಗಂಟೇ ಚೆಂದ.

ಕೊನೆಗೆ ಅರ್ಧ ವಿಂಡ್ಸರ್ ಕಟ್ಟಿದೆ. ಅಗಲ ತುದಿಯನ್ನು ಕಿರಿದರ ಮೇಲೆ ದಾಟಿಸಿ, ಹಿಂದಿನಿಂದ ತಂದು, ಮೇಲಿನಿಂದ ಕೊರಳಿನ ಸುತ್ತಿನೊಳಗೆ ಒಮ್ಮೆ ಇಳಿಸಿ, ಮುಂದೆ ಅಡ್ಡ ಹಾಯಿಸಿ, ಕೆಳಗಿನಿಂದ ಮತ್ತೆ ಮೇಲಕ್ಕೆ ತೂರಿಸಿ, ಮುಂದಿನ ಪಟ್ಟಿಯೊಳಗೆ ಇಳಿಸಬೇಕು. ಬಿಗಿಯುವ ಮೊದಲು ಗಂಟಿನ ಕೆಳಗೆ ತೋರುಬೆರಳಿನಿಂದ ನಡುವೆ ಒತ್ತಿ ಹಿಡಿದರೆ ಒಂದು ಕುಳಿ ಬೀಳುತ್ತದೆ. ಟೈ ಚಪ್ಪಟೆಯಾಗಿ ಬೀಳದೆ ಮೈದುಂಬಿ ಇಳಿಯುವುದು ಆ ಕುಳಿಯಿಂದಲೇ. ಈ ಸಲ ತುದಿ ಬಕಲ್ಲಿನ ಮೇಲೆ ಸರಿಯಾಗಿ ಬಂತು, ಗಂಟು ಕಾಲರಿನ ತೆರಪನ್ನು ತುಂಬಿತು, ರೆಕ್ಕೆಗಳು ಕದಲಲಿಲ್ಲ.

ರಾತ್ರಿ ಊಟವಾದ ಮೇಲೆ ಅವನು ಕಿರಿದಾದ ತುದಿಯನ್ನು ಜಗ್ಗಿ ಎಳೆಯಲು ಹೊರಟಿದ್ದನ್ನು ತಡೆದು, ಕಟ್ಟಿದ ಕ್ರಮವನ್ನೇ ಹಿಂದುಮುಂದಾಗಿಸಿ ಬಿಚ್ಚಿಸಿದೆ. ಜಗ್ಗಿದರೆ ಒಳಗಿನ ಅಸ್ತರು ತಿರುಚಿಕೊಂಡು, ಮುಂದೆ ಎಷ್ಟು ಜಾಗ್ರತೆಯಿಂದ ಕಟ್ಟಿದರೂ ಟೈ ನೇರವಾಗಿ ನಿಲ್ಲುವುದಿಲ್ಲ.