ಡಿಸ್ಕ್‌ಗಳ ನಡುವಿನ ಆ 10 ಮಿಲಿಮೀಟರ್

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮೂತ್ರದ ಸ್ಯಾಂಪಲ್ಲಿನಲ್ಲಿ ಇ. ಕೋಲೈ ಬೆಳೆದಿತ್ತು. ಸೆಫೊಟ್ಯಾಕ್ಸಿಮ್ ಎಂಬ ಆಂಟಿಬಯೋಟಿಕ್ ಇರುವ ಡಿಸ್ಕ್ ಸುತ್ತ ಜೋನೇ ಇಲ್ಲ, ಅಂದರೆ ಬ್ಯಾಕ್ಟೀರಿಯಾ ಬೆಳೆಯದ ಖಾಲಿ ವೃತ್ತವೇ ಇಲ್ಲ. ಸೆಫ್ಟಾಜಿಡಿಮ್ ಸುತ್ತ 13 ಮಿ.ಮೀ. ಇದು ಇಂಥ ಸೆಫಲೋಸ್ಪೊರಿನ್ ಔಷಧಿಗಳನ್ನು ಒಡೆಯುವ ಇಎಸ್‌ಬಿಎಲ್ ಕಿಣ್ವದ ಕೆಲಸವೇ ಇರಬೇಕು ಅನ್ನಿಸಿ, ಅದನ್ನು ಪತ್ತೆಹಚ್ಚುವ ಡಬಲ್ ಡಿಸ್ಕ್ ಪರೀಕ್ಷೆ ಹಾಕಿದೆ.

ಮುಲ್ಲರ್ ಹಿಂಟನ್ ಪ್ಲೇಟ್ ಮೇಲೆ 0.5 ಮ್ಯಾಕ್‌ಫರ್ಲೆಂಡ್‌ನಷ್ಟು ಮಬ್ಬಿನ ಬ್ಯಾಕ್ಟೀರಿಯಾ ದ್ರಾವಣವನ್ನು ಸ್ವಾಬ್‌ನಿಂದ ಸವರಿ, ನಡುವೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಡಿಸ್ಕ್, ಅದರ ಎರಡು ಬದಿಗೆ ಆ ಎರಡು ಸೆಫಲೋಸ್ಪೊರಿನ್ ಡಿಸ್ಕ್ ಇಟ್ಟೆ. ಮರುದಿನ ನೋಡಿದರೆ ಏನೂ ಬದಲಾಗಿರಲಿಲ್ಲ. ಜೋನ್ ಎಲ್ಲೂ ಎಳೆದಂತೆ ಕಾಣಲಿಲ್ಲ. 'ನೆಗೆಟಿವ್' ಅಂತ ಬರೆಯಲು ಪೆನ್ನು ತೆಗೆದಿದ್ದೆ.

ಪ್ಲೇಟ್ ನೋಡಿದ ಮೇಡಂ ಕೇಳಿದ್ದು ಒಂದೇ: "ಡಿಸ್ಕ್‌ಗಳ ನಡುವೆ ಎಷ್ಟು ದೂರ ಬಿಟ್ಟೆ?"

ಅಳೆದೆವು. ಮಧ್ಯದಿಂದ ಮಧ್ಯಕ್ಕೆ 30 ಮಿ.ಮೀ. ಕ್ಲಾವುಲನೇಟ್ ಆ ಕಿಣ್ವವನ್ನು ತಡೆಯುತ್ತದೆ ನಿಜ, ಆದರೆ ಅಗರ್‌ನಲ್ಲಿ ಹರಡುತ್ತಾ ದೂರ ಹೋದಷ್ಟೂ ಅದು ತೆಳುವಾಗುತ್ತದೆ. ಸೆಫಲೋಸ್ಪೊರಿನ್ ಕೂಡ ಹಾಗೇ. ಎರಡೂ ಸಾಕಷ್ಟು ಪ್ರಮಾಣದಲ್ಲಿ ಒಂದೇ ಜಾಗದಲ್ಲಿ ಸೇರಿದರೆ ಮಾತ್ರ ಬ್ಯಾಕ್ಟೀರಿಯಾ ಸಾಯುತ್ತದೆ. ಇಷ್ಟು ಗಟ್ಟಿ ಬ್ಯಾಕ್ಟೀರಿಯಾಗೆ 30 ಮಿ.ಮೀ. ತುಂಬಾ ಜಾಸ್ತಿ.

20 ಮಿ.ಮೀ.ಗೆ ಇಟ್ಟು ಮತ್ತೆ ಹಾಕಿದೆ. ಈ ಸಲ ಸೆಫ್ಟಾಜಿಡಿಮ್ ಜೋನಿನ ಅಂಚು ನಡುವಿನ ಡಿಸ್ಕ್ ಕಡೆಗೆ ಚಾಚಿಕೊಂಡಿತ್ತು, ಬೀಗದ ಕೀಲಿ ತೂರಿಸುವ ತೂತಿನ ಹಾಗೆ. ಸೆಫೊಟ್ಯಾಕ್ಸಿಮ್ ಬದಿ ಇನ್ನೂ ವಿಚಿತ್ರ. ಡಿಸ್ಕ್ ಸುತ್ತ ಜೋನ್ ಇಲ್ಲ, ಆದರೆ ಎರಡು ಡಿಸ್ಕ್‌ಗಳ ನಡುವೆ ಬೆಳವಣಿಗೆಯಿಲ್ಲದ ಒಂದು ಸಣ್ಣ ಖಾಲಿ ಜಾಗ. ಅದೂ ಪಾಸಿಟಿವ್ವೇ. ಬೆಳಕಿಗೆ ಹಿಡಿದು ನೋಡದಿದ್ದರೆ ಕಣ್ಣು ತಪ್ಪಿಹೋಗುತ್ತದೆ.

ಇನ್ನೊಂದು ಗೊಂದಲವಿದೆ. ಜೋನ್‌ಗಳು ದೊಡ್ಡದಾಗಿದ್ದರೆ 20 ಮಿ.ಮೀ.ನಲ್ಲಿ ಒಂದಕ್ಕೊಂದು ಬೆರೆತುಹೋಗುತ್ತವೆ. ಆಗ ಎರಡು ವೃತ್ತ ಕೂಡುವ ಮೂಲೆ ನೋಡಬೇಕು. ಸುಮ್ನೆ ಬೆರೆತಿದ್ದರೆ ಅಲ್ಲಿ ಬೆಳವಣಿಗೆ ಚೂಪಾದ ಮೊನೆಯಂತೆ ಒಳಗೆ ಚುಚ್ಚಿರುತ್ತದೆ. ಎರಡು ಔಷಧಿ ಸೇರಿ ಕೆಲಸ ಮಾಡುವ ಸಿನರ್ಜಿ ಇದ್ದರೆ ಆ ಮೊನೆ ಸವೆದು ದುಂಡಾಗಿರುತ್ತದೆ. ಅನುಮಾನ ಬಂದರೆ ಇಂಥದ್ದಕ್ಕೆ 30ಕ್ಕೆ ದೂರ ಸರಿಸಿ, ಗಟ್ಟಿ ಬ್ಯಾಕ್ಟೀರಿಯಾಗೆ 15ಕ್ಕೆ ಹತ್ತಿರ ತಂದು ಮತ್ತೆ ಹಾಕುತ್ತೇನೆ.

ಎಂಟರೋಬ್ಯಾಕ್ಟರ್ ಬಂದರೆ ದೂರ ಬದಲಿಸಿದರೂ ಸಾಲದು. ಸೆಫೊಟ್ಯಾಕ್ಸಿಮ್ ಅನ್ನು ಒಡೆಯುವ ಅದರ ಆಂಪ್‌ಸಿ ಕಿಣ್ವ ಕ್ಲಾವುಲನೇಟ್‌ಗೆ ಬಗ್ಗುವುದಿಲ್ಲ, ಹಾಗಾಗಿ ಇಎಸ್‌ಬಿಎಲ್ ಇದ್ದರೂ ಸೆಫೊಟ್ಯಾಕ್ಸಿಮ್ ಅಂಚು ಸಪಾಟಾಗೇ ಉಳಿಯಬಹುದು. ಸೆಫೆಪಿಮ್ ಅನ್ನು ಆಂಪ್‌ಸಿ ಅಷ್ಟು ಸುಲಭವಾಗಿ ಒಡೆಯುವುದಿಲ್ಲ, ಅದಕ್ಕೇ ಆ ಡಿಸ್ಕನ್ನೂ ಸೇರಿಸುತ್ತೇನೆ.

ಈಗ ಪ್ಲೇಟಿನ ಕೆಳಗೆ ಅಳತೆಯ ಚುಕ್ಕಿ ಹಾಕಿದ ಕಾಗದ ಇಟ್ಟುಕೊಂಡೇ ಡಿಸ್ಕ್ ಇಡುತ್ತೇನೆ. ಜೊತೆಗೆ ಇಎಸ್‌ಬಿಎಲ್ ಇದೆ ಎಂದು ಗೊತ್ತಿರುವ ಕ್ಲೆಬ್ಸಿಯೆಲ್ಲಾ ಎಟಿಸಿಸಿ 700603 ಬ್ಯಾಕ್ಟೀರಿಯಾದ ಕಂಟ್ರೋಲ್ ಪ್ಲೇಟ್. ಅದರಲ್ಲೂ ಅಂಚು ಚಾಚದಿದ್ದರೆ ಮೊದಲು ನೋಡುವುದು ಕ್ಲಾವುಲನೇಟ್ ಡಿಸ್ಕಿನ ಡಬ್ಬಿಯನ್ನು. ತೇವ ತಗುಲಿದರೆ ಅದು ಬೇಗ ಕೆಡುತ್ತದೆ.