ನಾಲಿಗೆಗೆ ಹಚ್ಚಿದ ಇದ್ದಿಲು

ಶಿರಸಿಯಿಂದ ಕಾರವಾರಕ್ಕೆ ಪದವಿ ಓದಲು ಬಂದ ನನಗೆ ಭಾಷಾವಿಜ್ಞಾನದ ಮೊದಲ ಕಿರುಪರೀಕ್ಷೆಯಲ್ಲೇ ಒಂದು ಅಂಕ ಹೋಯಿತು. ‘ಚ’ದ ಉಚ್ಚಾರಣೆಯ ಸ್ಥಾನ ಮತ್ತು ವಿಧಾನವನ್ನು ಕೇಳಿದ್ದರು. ತಾಲವ್ಯ, ಸ್ಪರ್ಶ ಎಂದು ಬರೆದೆ. ಕ ಚ ಟ ತ ಪ ಎಂದು ಉರು ಹೊಡೆದು ಬೆಳೆದವನು ಬೇರೇನು ಬರೆದಾನು?

ಉತ್ತರಪತ್ರಿಕೆ ಹಿಡಿದು ಹೋದೆ. ಮೇಷ್ಟ್ರು, “‘ಬಾಚು’ ಎನ್ನಿ, ತೀರಾ ನಿಧಾನವಾಗಿ” ಎಂದರು. ಅಂಗುಳಿಗೆ ಅಂಟಿದ್ದ ನಾಲಿಗೆ ಬಿಡುವಾಗ ಸಣ್ಣದೊಂದು ‘ಶ್’ ಸೋರಿತು. ‘ಮಾತು’ ಎಂದಾಗ ಹಾಗಾಗಲಿಲ್ಲ. ತಡೆ ಬಿಟ್ಟಿತು, ಗಾಳಿ ಹೊರಟುಹೋಯಿತು. ‘ತ’ ಸ್ಪರ್ಶ. ‘ಚ’ದಲ್ಲಿ ಮೊದಲು ತಡೆ, ಬೆನ್ನಿಗೇ ಘರ್ಷಣೆ, ಆದ್ದರಿಂದ ಅದು ಸ್ಪರ್ಶಘರ್ಷ. ವರ್ಣಮಾಲೆಯ ಸಾಲು ಸ್ಥಾನವನ್ನು ಸರಿಯಾಗಿಯೇ ಹೇಳುತ್ತದೆ. ನಾನು ಅದರಿಂದ ವಿಧಾನವನ್ನೂ ಊಹಿಸಿಬಿಟ್ಟಿದ್ದೆ.

ಮರುದಿನ ಮೇಷ್ಟ್ರು ಇದ್ದಿಲ ಪುಡಿಯನ್ನು ಅಡುಗೆ ಎಣ್ಣೆಯಲ್ಲಿ ಕಲಸಿ ತಂದರು. ನಾಲಿಗೆಯ ಮೇಲ್ಭಾಗಕ್ಕೆ ಅದನ್ನು ಬಳಿದುಕೊಂಡು ಒಂದೇ ಒಂದು ಪದ ಹೇಳಬೇಕು. ನುಂಗದೆ ಬಾಯಿ ತೆರೆದು, ಸಣ್ಣ ಕನ್ನಡಿಯಲ್ಲಿ ಅಂಗುಳನ್ನು ನೋಡಬೇಕು. ಪದದ ಉಳಿದ ವ್ಯಂಜನ ತುಟಿಯದೇ ಆಗಿರಬೇಕು, ಇಲ್ಲದಿದ್ದರೆ ಎರಡು ಗುರುತುಗಳು ಬೆರೆಯುತ್ತವೆ. ‘ಮಾತು’, ‘ಬಾಚು’, ‘ಪಾಶ’ಗಳನ್ನು ಆರಿಸಿದ್ದು ಅದಕ್ಕೇ.

‘ಮಾತು’ ಎಂದಾಗ ಮೇಲ್ಹಲ್ಲಿನ ಹಿಂಭಾಗ ಕಪ್ಪಾಯಿತು. ‘ಬಾಚು’ ಎಂದಾಗ ಕಪ್ಪು ಪಟ್ಟಿ ಇನ್ನಷ್ಟು ಹಿಂದಕ್ಕೆ, ಒಸಡಿನ ಉಬ್ಬಿನ ಆಚೆಗೆ ಅಡ್ಡಲಾಗಿ ಬಿತ್ತು. ‘ಪಾಶ’ದಲ್ಲಿ ಎರಡೂ ಬದಿ ಕಪ್ಪು, ನಡುವೆ ಗಾಳಿ ಹಾದುಹೋದ ದಾರಿ ಮಾತ್ರ ಸ್ವಚ್ಛ. ‘ಮಾಟ’ಕ್ಕೆ ಬಂದಾಗ ಗುರುತೇ ಸರಿಯಾಗಿ ಮೂಡಲಿಲ್ಲ. ಪ್ರಯೋಗ ಕೆಟ್ಟಿತೆಂದುಕೊಂಡೆವು. ‘ಟ’ಕ್ಕೆ ನಾಲಿಗೆಯ ತುದಿ ಮೇಲೆ ಮಡಚಿ ಅದರ ಅಡಿಭಾಗ ತಾಗಿತ್ತು, ಅಲ್ಲಿಗೆ ನಾವು ಇದ್ದಿಲು ಹಚ್ಚಿರಲೇ ಇಲ್ಲ.

ಕೋಡಿಬಾಗದ ಗೆಳೆಯನೊಬ್ಬನ ಮನೆಮಾತು ಕೊಂಕಣಿ. ‘ಹೋಗು’ ಎನ್ನಲು ಅವನು ‘ವಚ’ ಎನ್ನುತ್ತಿದ್ದ. ಬರೆಯುವುದು ನಮ್ಮ ‘ಚ’ದಲ್ಲೇ, ಆದರೆ ಕಿವಿಗೆ ‘ತ್ಸ’. ಅವನ ಅಂಗುಳಿನಲ್ಲಿ ಪಟ್ಟಿ ಬಿದ್ದದ್ದು ‘ತ’ದ ಪಕ್ಕದಲ್ಲಿ! ಸ್ಥಾನ ದಂತ್ಯ, ವಿಧಾನ ಸ್ಪರ್ಶಘರ್ಷ. ಕೊಂಕಣಿಯಲ್ಲಿ ತಾಲವ್ಯ ‘ಚ’ವೂ ಬೇರೆಯಾಗಿಯೇ ಇದೆಯೆಂದು ಅವನು ನನಗೆ ಬಿಡಿಸಿ ಹೇಳಿದ, ಒಂದೇ ಅಕ್ಷರ, ಎರಡು ಧ್ವನಿ.

ಇದ್ದಿಲು ಎಲ್ಲವನ್ನೂ ಹೇಳುವುದಿಲ್ಲ. ‘ಮಾತು’ವಿಗೂ ‘ಮಾದು’ವಿಗೂ ಗುರುತು ಹೆಚ್ಚುಕಡಿಮೆ ಒಂದೇ, ಗಂಟಲಿನ ಮೇಲೆ ಬೆರಳಿಟ್ಟು ‘ದ’ದ ಕಂಪನವನ್ನು ಹಿಡಿಯಬೇಕು. ನಾಲ್ಕಾರು ದಿನ ನಾವೆಲ್ಲ ಹಾಗೆ ಕತ್ತು ಹಿಡಿದುಕೊಂಡೇ ಓಡಾಡಿದೆವು. ಆ ಒಂದು ಅಂಕ ಮಾತ್ರ ಮೇಷ್ಟ್ರು ಕೊಡಲಿಲ್ಲ.